ಹುಲಿ ಯಾಕೆ ಹಿಂದೆ ಮುಂದೆ ಕುಣಿಯುತ್ತದೆ: ಹುಲಿ-ಕುರಿ ಆಟ ಫೋನಿಗೆ ಬಂದಾಗ

(ಶಿವಮೊಗ್ಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಹಾಗೇ ಇಟ್ಟಿದೆ.)

ಲೂಡೊ, ಕೇರಂ, ಹುಲಿ-ಕುರಿ. ಮೂರೂ ಈಗ ಫೋನಿನಲ್ಲಿ ಸಿಗುತ್ತವೆ. ಇವುಗಳಲ್ಲಿ ಯಾವುದನ್ನು ಪ್ರೋಗ್ರಾಂ ಮಾಡುವುದು ಸುಲಭ ಅಂತ ಕೇಳಿದರೆ ಹೆಚ್ಚಿನ ವಿದ್ಯಾರ್ಥಿಗಳು ಹುಲಿ-ಕುರಿ ಅಂತಾರೆ. ದಾಳ ಇಲ್ಲ, ಸ್ಟ್ರೈಕರ್ ಇಲ್ಲ, ನಾಲ್ಕು ಜನ ಸೇರಬೇಕಾಗಿಲ್ಲ. ಜಗಲಿ ಮೇಲೆ ಸೀಮೆಸುಣ್ಣದಲ್ಲೋ ಇದ್ದಲಲ್ಲೋ ಹತ್ತು ಗೆರೆ ಎಳೆದರೆ ಮುಗಿಯಿತು. ಮೂರು ಅಡಿಕೆ ಹುಲಿ, ಹದಿನೈದು ಹುಣಸೆ ಬೀಜ ಕುರಿ. ಇದರಲ್ಲೇನು ಕಷ್ಟ, ಅಲ್ವಾ? ಆದರೆ ಬರೆಯುವವರಿಗೆ ಹೆಚ್ಚು ಕೈಕೊಡುವುದು ಇದೇ ಆಟ. ಇವತ್ತು ಅದು ಎಲ್ಲೆಲ್ಲಿ ಕೈಕೊಡುತ್ತದೆ, ಕೊಟ್ಟಿದೆ ಅಂತ ಹೇಗೆ ಗೊತ್ತಾಗುತ್ತದೆ ಅಂತ ನೋಡೋಣ.

ಮೊದಲು ಉಳಿದೆರಡನ್ನು ಬೇಗ ಮುಗಿಸಿಬಿಡುತ್ತೇನೆ. ಕೇರಂನಲ್ಲಿ ಇರುವುದೆಲ್ಲ ಡಿಕ್ಕಿ ಮತ್ತು ಘರ್ಷಣೆ. ಸ್ಟ್ರೈಕರ್ ಹೆಚ್ಚೆಂದರೆ 15 ಗ್ರಾಂ, ಕಾಯಿ ಐದು ಗ್ರಾಂ ಆಸುಪಾಸು, ಹಲಗೆ 74 ಸೆಂಟಿಮೀಟರ್ ಚೌಕ. ಈ ಲೆಕ್ಕ ಹೇಗೆ ಮಾಡಬೇಕು ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಫೋನಿನ ಕೇರಂನಲ್ಲಿ ಒಂದು ಮಾತ್ರ ಇಲ್ಲ, ಅದು ನಮ್ಮ ಮಳೆಗಾಲ. ತೀರ್ಥಹಳ್ಳಿ ಕಡೆ ಜುಲೈ ತಿಂಗಳಲ್ಲಿ ಹಲಗೆ ತೇವ ಹಿಡಿದರೆ ಎಷ್ಟು ಪೌಡರ್ ಹಾಕಿದರೂ ಕಾಯಿ ಓಡುವುದಿಲ್ಲ. ಆ ಹಲಗೆಯಲ್ಲಿ ಕಲಿತವನ ಕೈ ಜೋರಾಗಿರುತ್ತದೆ. ಫೋನಿನಲ್ಲಿ ಘರ್ಷಣೆ ವರ್ಷವಿಡೀ ಒಂದೇ.

ಲೂಡೊ ಇನ್ನೂ ಸರಳ. ಪಚ್ಚೀಸಿಯಿಂದ ಹುಟ್ಟಿ 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಆದ ಆಟ ಅದು. ಒಂದು ದಾಳ, ಆರು ಮುಖ, ಪ್ರತಿ ಮುಖಕ್ಕೂ ಸಮಾನ ಅವಕಾಶ. ಆದರೆ ಇದೇ ಕೋಡನ್ನು ಎತ್ತಿ ನಮ್ಮ ಚೌಕಾಬಾರಕ್ಕೆ ಹಾಕುವವರಿದ್ದಾರೆ. ಅಲ್ಲಿ ತಪ್ಪಾಗುತ್ತದೆ. ಇದು ಸ್ವಲ್ಪ ಪಕ್ಕದ ಮಾತು, ಆದರೂ ಹೇಳಿಬಿಡುತ್ತೇನೆ.

ಚೌಕಾಬಾರದಲ್ಲಿ ನಾಲ್ಕು ಕವಡೆ. ಅಂಗಾತ ಬಿದ್ದಷ್ಟು ಗರ. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಒಟ್ಟು ಐದು ಥರದ ಗರ: 1, 2, 3, 4, 8. ಪ್ರೋಗ್ರಾಂ ಬರೆಯುವವನು ಐದರಲ್ಲಿ ಒಂದನ್ನು ಸುಮ್ನೆ ಆರಿಸುತ್ತಾನೆ. ಆಗ ಎಂಟು ಐದು ಸಲಕ್ಕೊಮ್ಮೆ ಬೀಳುತ್ತದೆ. ನಿಜವಾದ ಕವಡೆಯಲ್ಲಿ ಎಷ್ಟು ಸಲ ಬೀಳಬೇಕು? ಒಂದೊಂದು ಕವಡೆಯೂ ಅಂಗಾತ ಅಥವಾ ಬೋರಲು ಬೀಳುವ ಅವಕಾಶ ಅರ್ಧರ್ಧ ಅಂತ ಇಟ್ಟುಕೊಂಡರೂ ಒಟ್ಟು 16 ರೀತಿ ಬೀಳಬಹುದು. ಅದರಲ್ಲಿ ಎಂಟು ಒಂದೇ ರೀತಿಯಲ್ಲಿ ಬರುತ್ತದೆ, ಎರಡು ಆರು ರೀತಿಯಲ್ಲಿ ಬರುತ್ತದೆ. ಅಂದರೆ ಫೋನಿನ ಬಾರ ಮೂರು ಪಟ್ಟಿಗಿಂತ ಜಾಸ್ತಿ ಸಲ ಬೀಳುತ್ತಿದೆ. ಅಜ್ಜಿಗೆ ಫೋನ್ ಕೊಟ್ಟರೆ ಹತ್ತು ನಿಮಿಷದಲ್ಲಿ "ಇದೆಂಥ ಕವಡೆ ಮಾರಾಯ, ಬರೀ ಬಾರ ಬೀಳ್ತದೆ" ಅಂತಾರೆ. ತಿದ್ದುವುದು ಸುಲಭ. ಗರವನ್ನು ಆರಿಸಬೇಡಿ, ನಾಲ್ಕು ಕವಡೆಯನ್ನು ಬೇರೆ ಬೇರೆಯಾಗಿ ಎಸೆದು ಎಣಿಸಿ.

ಈಗ ಹುಲಿ-ಕುರಿಗೆ ಬರೋಣ. ಕೆಲವರು ಆಡು-ಹುಲಿ ಅಂತೀರಿ, ಆಟ ಅದೇ. ಹಂಪಿಯ ಕಲ್ಲುಹಾಸಿನ ಮೇಲೆ ಇದರ ಗೆರೆ ಕೊರೆದಿರುವುದನ್ನು ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ. ನಾನು ತೆಗೆದುಕೊಂಡಿರುವುದು ತ್ರಿಕೋನದ ಹಲಗೆ, 23 ಮನೆ. ಮೇಲೆ ಒಂದು ತುದಿ. ಅಲ್ಲಿಂದ ನಾಲ್ಕು ಗೆರೆ ಕೆಳಗಿಳಿಯುತ್ತವೆ. ಅವುಗಳನ್ನು ಮೂರು ಅಡ್ಡಗೆರೆ ಕತ್ತರಿಸಿ ಎರಡೂ ಕಡೆ ಹೊರಗೆ ಚಾಚುತ್ತವೆ. ಹೊರಗೆ ಚಾಚಿದ ತುದಿಗಳನ್ನು ಎಡಕ್ಕೊಂದು, ಬಲಕ್ಕೊಂದು ಉದ್ದಗೆರೆ ಸೇರಿಸುತ್ತದೆ. ಕೊನೆಗೆ ತ್ರಿಕೋನದ ತಳದ ಗೆರೆ. ಪ್ರೋಗ್ರಾಮಿಗೆ ಅನುಕೂಲವಾಗಲಿ ಅಂತ ಮನೆಗಳಿಗೆ ಹೀಗೆ ನಂಬರ್ ಕೊಟ್ಟಿದ್ದೇನೆ:

```
               0
 1    2    3    4    5    6
 7    8    9   10   11   12
13   14   15   16   17   18
     19   20   21   22
```

ಇದನ್ನು ಕಣ್ಣ ಮುಂದೆ ಇಟ್ಟುಕೊಂಡಿರಿ. ಮುಂದೆ ಪದೇ ಪದೇ ಬೇಕಾಗುತ್ತದೆ. ಹುಲಿಗಳು ಮೊದಲಿಗೆ 0, 3, 4ರಲ್ಲಿ ಕೂರುತ್ತವೆ. ಕುರಿಯವನು ಒಂದೊಂದೇ ಕುರಿ ಇಡುತ್ತಾನೆ, ಪ್ರತಿ ಸಲವೂ ಹುಲಿಯವನು ಒಂದು ನಡೆ ಮಾಡುತ್ತಾನೆ. ಹದಿನೈದೂ ಇಟ್ಟಾದ ಮೇಲೆ ಕುರಿ ನಡೆಯಬಹುದು. ಹುಲಿ ಪಕ್ಕದ ಕುರಿಯನ್ನು ಹಾರಿ ಆಚೆಯ ಖಾಲಿ ಮನೆಗೆ ಹೋದರೆ ಕುರಿ ಸತ್ತಿತು. ಮೂರೂ ಹುಲಿಗಳನ್ನು ಕಟ್ಟಿಹಾಕಿದರೆ ಕುರಿಯವನು ಗೆದ್ದ.

ಮೊದಲ ಸಲ ಬರೆಯುವವರು ಏನು ಮಾಡುತ್ತಾರೆ? ಪ್ರತಿ ಮನೆಗೂ ಅಕ್ಕಪಕ್ಕದ ಮನೆಗಳ ಪಟ್ಟಿ ಮಾಡುತ್ತಾರೆ. ನಡೆಯುವುದಕ್ಕೆ ಅದು ಸಾಕು. ಆಮೇಲೆ ಹಾರುವುದಕ್ಕೂ ಅದನ್ನೇ ಬಳಸುತ್ತಾರೆ: ಪಕ್ಕದ ಮನೆಯಲ್ಲಿ ಕುರಿ, ಅದರ ಪಕ್ಕದ ಮನೆ ಖಾಲಿ, ಹಾಗಾದರೆ ಹಾರು. ಇಲ್ಲೇ ಹುಲಿ ಮೂಲೆ ತಿರುಗಿ ಹಾರಲು ಶುರು ಮಾಡುತ್ತದೆ. 3ರಲ್ಲಿರುವ ಹುಲಿ 2ರ ಕುರಿಯನ್ನು ಹಾರಿ 8ಕ್ಕೆ ಇಳಿಯುತ್ತದೆ. 8 ಹೇಗೂ 2ರ ಪಕ್ಕದ್ದೇ ತಾನೆ? ಆದರೆ 3, 2, 8 ಒಂದೇ ಗೆರೆಯಲ್ಲಿಲ್ಲ. ಜಗಲಿ ಮೇಲೆ ಹೀಗೆ ಹಾರಿದರೆ ಎದುರಿಗೆ ಕೂತವನು ಕೈ ಹಿಡಿದು ವಾಪಸ್ ಇಡಿಸುತ್ತಾನೆ.

ಆ್ಯಪ್ ಸರಿಯಾಗಿದೆಯೋ ಇಲ್ಲವೋ ನೋಡಲು ತುದಿಯ ಮನೆ ಒಳ್ಳೆಯ ಜಾಗ. 0ರಲ್ಲಿ ಕುರಿ ಇರಲಿ, 2ರಲ್ಲಿ ಹುಲಿ ಇರಲಿ, 5 ಖಾಲಿ ಇರಲಿ. ಹುಲಿ ತುದಿಯನ್ನು ದಾಟಿ ಆಚೆ ಕಡೆಯ 5ಕ್ಕೆ ಹಾರಿತು ಅಂದರೆ ಆ ಆ್ಯಪ್ ಬರೆದವನು ಗೆರೆಯನ್ನು ನೋಡಿಲ್ಲ, ಬರೀ ನೆರೆಹೊರೆ ನೋಡಿದ್ದಾನೆ. ತುದಿಯಲ್ಲಿ ಗೆರೆಗಳೆಲ್ಲ ಮುಗಿಯುತ್ತವೆ. ಅಲ್ಲಿ ಕೂತ ಕುರಿಯನ್ನು ಯಾರೂ ತಿನ್ನುವ ಹಾಗಿಲ್ಲ.

ಸರಿಯಾದ ದಾರಿ ಅಂದರೆ ಜಗಲಿ ಮೇಲೆ ಮಾಡಿದ್ದನ್ನೇ ಮಾಡುವುದು: ಗೆರೆ ಎಳೆಯುವುದು. ಹತ್ತು ಗೆರೆ ಬರೆದರೆ ಉಳಿದದ್ದೆಲ್ಲ ಅದರಿಂದಲೇ ಹುಟ್ಟುತ್ತದೆ.

```
lines = [
  [0,2,8,14,19], [0,3,9,15,20],
  [0,4,10,16,21], [0,5,11,17,22],
  [1,2,3,4,5,6], [7,8,9,10,11,12],
  [13,14,15,16,17,18], [19,20,21,22],
  [1,7,13], [6,12,18],
]
jumps = []
for l in lines:
    for a, b, c in zip(l, l[1:], l[2:]):
        jumps += [(a, b, c), (c, b, a)]
```

ಒಂದು ಗೆರೆಯಲ್ಲಿ ಒಂದರ ಪಕ್ಕ ಒಂದು ಇರುವ ಮೂರು ಮನೆ ತೆಗೆದುಕೊಂಡರೆ ಅದೇ ಒಂದು ಹಾರುವ ದಾರಿ, ಹೋಗುವುದಕ್ಕೊಂದು, ಬರುವುದಕ್ಕೊಂದು. ಇದನ್ನು ಓಡಿಸಿ `len(jumps)` ನೋಡಿದರೆ 56 ಬರಬೇಕು. ಬರದಿದ್ದರೆ ಎಲ್ಲೋ ಒಂದು ನಂಬರ್ ತಪ್ಪು ಬರೆದಿದ್ದೀರಿ.

ಈ 56ನ್ನು ಸ್ವಲ್ಪ ಹೊತ್ತು ನೋಡಿದರೆ ಆಟದ ಗುಟ್ಟೂ ಕಾಣುತ್ತದೆ. ಒಂದು ಮನೆ ಎಲ್ಲ ಗೆರೆಗಳಿಗೂ ತುದಿಯೇ ಆಗಿದ್ದರೆ ಅದು ಯಾವ ಮೂರರ ಗುಂಪಿನಲ್ಲೂ ನಡುವೆ ಬರುವುದಿಲ್ಲ. ಅಲ್ಲಿರುವ ಕುರಿಗೆ ಸಾವಿಲ್ಲ. ಅಂಥ ಮನೆಗಳು ಏಳು: 0, 1, 6, 13, 18, 19, 22. ಹಳೆಯ ಆಟಗಾರರು ಯಾವ ಲೆಕ್ಕವನ್ನೂ ಬರೆಯದೆ ಮೊದಲ ಕುರಿಯನ್ನು ಮೂಲೆಗೆ ಇಡುತ್ತಾರಲ್ಲ, ಅದು ಇದಕ್ಕೇ. ಹೊಸಬ ಇಡುವುದು ಎಲ್ಲಿ? ಹುಲಿಯ ಪಕ್ಕದಲ್ಲೇ, 2ರಲ್ಲಿ. ಅಲ್ಲಿ ಎರಡು ಕಡೆಯಿಂದ ಸಾವು ಕಾದಿದೆ. 3ರ ಹುಲಿ 1ಕ್ಕೆ ಹಾರಬಹುದು, ತುದಿಯ ಹುಲಿ 8ಕ್ಕೆ ಹಾರಬಹುದು.

ಚಿತ್ರ ಬರೆಯುವಾಗ ಬರುವ ಒಂದು ತೊಂದರೆಯನ್ನೂ ಹೇಳಿ ಮುಂದೆ ಹೋಗುತ್ತೇನೆ. ಜಗಲಿಯಲ್ಲಿ ಬರೆದ ಹಾಗೆ ನಿಜವಾದ ತ್ರಿಕೋನವನ್ನೇ ಫೋನಿನಲ್ಲಿ ಬರೆದರೆ ಮೇಲಿನ ಸಾಲಿನ ಮನೆಗಳು ಒತ್ತೊತ್ತಾಗಿ ಬರುತ್ತವೆ. ಪರದೆಯ ಅಳತೆಯನ್ನು ಡಿಪಿ ಅನ್ನುವ ಲೆಕ್ಕದಲ್ಲಿ ಹೇಳುತ್ತಾರೆ. ತಳ 300 ಡಿಪಿ ಅಗಲ ಇದೆ, ಸಾಲುಗಳ ನಡುವೆ ಅಂತರ ಒಂದೇ ಥರ ಇದೆ ಅಂತ ಇಟ್ಟುಕೊಳ್ಳಿ. ಮೊದಲ ಅಡ್ಡಗೆರೆಯ ಹತ್ತಿರ ತ್ರಿಕೋನದ ಅಗಲ 75 ಡಿಪಿ ಮಾತ್ರ. ಅದರಲ್ಲಿ 2, 3, 4, 5 ನಾಲ್ಕು ಮನೆ ಕೂರಬೇಕು. ಒಂದರಿಂದ ಇನ್ನೊಂದಕ್ಕೆ 25 ಡಿಪಿ. ಬೆರಳು ಒತ್ತುವ ಜಾಗ ಕನಿಷ್ಠ 48 ಡಿಪಿ ಇರಲಿ ಅಂತ ಆಂಡ್ರಾಯ್ಡ್‌ನ ಸಲಹೆ ಇದೆ. ಅಡಿಕೆ ಸುಲಿದ ಬೆರಳಿಗೆ ಅದೂ ಕಡಿಮೆಯೇ. 3 ಒತ್ತಲು ಹೋದರೆ 4 ಒತ್ತಿಕೊಳ್ಳುತ್ತದೆ. ಹುಲಿ ಬೇಡದ ಕಡೆ ಹೋಗುತ್ತದೆ, ಆಡುವವನು ಫೋನ್ ಬಿಸಾಕುತ್ತಾನೆ. ಆಟಕ್ಕೆ ಬೇಕಿರುವುದು ಯಾವುದರ ಪಕ್ಕ ಯಾವುದು ಅನ್ನುವುದು ಅಷ್ಟೇ, ಗೆರೆಯ ಉದ್ದ ಬೇಕಾಗಿಲ್ಲ. ಹಾಗಾಗಿ ಮೊದಲ ಅಡ್ಡಗೆರೆಯನ್ನು ತ್ರಿಕೋನದ ಅರ್ಧ ಎತ್ತರಕ್ಕೆ ಇಳಿಸಿ. ಅಲ್ಲಿ ಅಗಲ 150, ಅಂತರ 50 ಆಗುತ್ತದೆ. ನೋಡುವವರಿಗೆ ತ್ರಿಕೋನವಾಗಿಯೇ ಕಾಣುತ್ತದೆ.

ಇನ್ನು ನಿಯಮಗಳು. ಒಂದೇ ಊರಿನ ಎರಡು ಮನೆಯಲ್ಲಿ ಎರಡು ನಿಯಮ ಇರುತ್ತದೆ. ಹುಲಿ ಒಂದೇ ಸರದಿಯಲ್ಲಿ ಎರಡು ಕುರಿ ತಿನ್ನಬಹುದೇ? ತಿನ್ನುವ ಅವಕಾಶ ಇದ್ದಾಗ ತಿನ್ನಲೇಬೇಕೇ? ಎಷ್ಟು ತಿಂದರೆ ಹುಲಿ ಗೆದ್ದ ಹಾಗೆ? ಜಗಲಿಯಲ್ಲಿ ಇದನ್ನು ಜಗಳ ಬಂದಾಗ ತೀರ್ಮಾನ ಮಾಡುತ್ತಾರೆ. ಫೋನಿನಲ್ಲಿ ಮೊದಲೇ ತೀರ್ಮಾನ ಆಗಿರಬೇಕು. ಹಾಗಂತ ಸೆಟ್ಟಿಂಗ್ಸ್‌ನಲ್ಲಿ ಇಪ್ಪತ್ತು ಬಟನ್ ಇಡಬೇಡಿ. ಆ ಮೂರು ಪ್ರಶ್ನೆಗೆ ಮೂರು ಬಟನ್ ಸಾಕು. ಇವತ್ತಿನ ಮಾತಿಗೆ ನಾನು ಇಟ್ಟುಕೊಂಡಿರುವುದು ಇಷ್ಟು: ಸರದಿಗೆ ಒಂದೇ ಕುರಿ, ತಿನ್ನಲೇಬೇಕು ಅಂತಿಲ್ಲ, ಐದು ತಿಂದರೆ ಹುಲಿ ಗೆದ್ದಿತು.

ಈಗ ಮುಖ್ಯ ವಿಷಯ. ಎದುರಿಗೆ ಯಾರೂ ಇಲ್ಲದಿದ್ದಾಗ ಕಂಪ್ಯೂಟರ್ ಹುಲಿಯಾಗಿ ಆಡಬೇಕು. ಇದನ್ನು ಬರೆಯುವ ರೀತಿ ನಿಮಗೆ ಗೊತ್ತು. ನಾನು ಹೀಗೆ ನಡೆದರೆ ಅವನು ಏನು ಮಾಡುತ್ತಾನೆ, ಆಮೇಲೆ ನಾನೇನು ಮಾಡುತ್ತೇನೆ ಅಂತ ಕೆಲವು ನಡೆ ಮುಂದೆ ನೋಡಿ, ಕೊನೆಗೆ ಸಿಕ್ಕ ಸ್ಥಿತಿಗೆ ಒಂದು ಅಂಕ ಕೊಟ್ಟು, ಒಳ್ಳೆಯದನ್ನು ಆರಿಸುವುದು. ಅಂಕ ಹೇಗೆ ಕೊಡುವುದು? ಮೊದಲು ಎಲ್ಲರೂ ಬರೆಯುವುದು ಒಂದೇ: ಎಷ್ಟು ಕುರಿ ತಿಂದಾಯಿತೋ ಅಷ್ಟು ಅಂಕ.

ಇಂಥ ಹುಲಿಯ ಎದುರು ಎಂಟನೇ ಕ್ಲಾಸಿನ ಒಬ್ಬ ಹುಡುಗ ಆಡಿದ್ದನ್ನು ನೋಡಿದೆ. ಸಾಗರದ ಕಡೆಯವನು, ಮನೆಯಲ್ಲಿ ಅಜ್ಜನ ಜೊತೆ ಆಡಿ ಅಭ್ಯಾಸ. ಅವನು ಮೊದಲು ಸಾವಿಲ್ಲದ ಆರು ಮನೆ ತುಂಬಿಸಿದ, 13, 18, 19, 22, 1, 6. ಅಷ್ಟು ಹೊತ್ತು ಕಂಪ್ಯೂಟರ್ ಹುಲಿ ಏನು ಮಾಡುತ್ತಿತ್ತು ಗೊತ್ತಾ? ತುದಿಯಿಂದ 2ಕ್ಕೆ, 2ರಿಂದ ತುದಿಗೆ. ಮತ್ತೆ 2ಕ್ಕೆ, ಮತ್ತೆ ತುದಿಗೆ. ಬರೀ ಅದೇ. ಉಳಿದ ಎರಡು ಹುಲಿ ಅಲ್ಲಾಡಲೇ ಇಲ್ಲ. ಹುಡುಗ ನಗುತ್ತಾ "ಇದಕ್ಕೆ ಹುಚ್ಚು ಹಿಡಿದಿದೆ" ಅಂದ.

ಹುಚ್ಚು ಹಿಡಿದಿರಲಿಲ್ಲ. ಅದು ನಾಲ್ಕು ನಡೆ ಮುಂದೆ ನೋಡುತ್ತಿತ್ತು. ಎದುರಾಳಿ ಸರಿಯಾಗಿ ಆಡಿದರೆ ಆ ನಾಲ್ಕು ನಡೆಯಲ್ಲಿ ಎಲ್ಲೂ ಕುರಿ ಸಿಗುವುದಿಲ್ಲ. ಹಾಗಾಗಿ ಎಲ್ಲ ನಡೆಗೂ ಸೊನ್ನೆ ಅಂಕ. ಎಲ್ಲಕ್ಕೂ ಸಮ ಅಂಕ ಬಂದರೆ ಪ್ರೋಗ್ರಾಂ ಪಟ್ಟಿಯಲ್ಲಿ ಮೊದಲು ಇರುವುದನ್ನು ಆರಿಸುತ್ತದೆ. ಮನೆ ನಂಬರಿನ ಕ್ರಮದಲ್ಲಿ ನೋಡಿದರೆ ಮೊದಲ ಹುಲಿ 0ರಲ್ಲಿದೆ, ಅದರ ಮೊದಲ ಖಾಲಿ ನೆರೆಮನೆ 2. ಹೋಯಿತು. ಮುಂದಿನ ಸರದಿಯಲ್ಲಿ ಮೊದಲ ಹುಲಿ 2ರಲ್ಲಿದೆ, ಅದರ ಮೊದಲ ಖಾಲಿ ನೆರೆಮನೆ 0. ವಾಪಸ್ ಬಂತು. ನಿಮ್ಮ ಆ್ಯಪಿನಲ್ಲಿ ಹುಲಿ ಎರಡು ಮನೆಯ ನಡುವೆ ಹೀಗೆ ಕುಣಿದರೆ ಹುಡುಕುವ ಕೋಡಿನಲ್ಲಿ ದೋಷ ಹುಡುಕಬೇಡಿ. ಅದು ಸರಿಯಾಗಿಯೇ ಇರಬಹುದು. ಅಂಕ ಕೊಡುವ ಕೋಡ್ ಕುರುಡಾಗಿದೆ.

ಹುಡುಗ ಅಲ್ಲಿಗೆ ನಿಲ್ಲಲಿಲ್ಲ. ಮುಂದೆ 7ರಲ್ಲಿ ಇಟ್ಟ. 7ನ್ನು ಹಾರಬೇಕಾದರೆ 1ರಿಂದ 13ಕ್ಕೋ 13ರಿಂದ 1ಕ್ಕೋ ಹಾರಬೇಕು. ಎರಡರಲ್ಲೂ ಅವನದೇ ಕುರಿ ಕೂತಿವೆ. ಹಾಗಾಗಿ 7 ಕೂಡ ಭದ್ರ. ಅದೇ ಥರ 12. ತಳದಲ್ಲಿ 20, 21. ಆಮೇಲೆ ಮೂರನೇ ಸಾಲು: 14, 17, 15, 16. ಪ್ರತಿಯೊಂದರ ಬೆನ್ನಿಗೂ ಆಗಲೇ ಒಂದು ಕುರಿ ಇದೆ, ಹುಲಿ ಹಾರಿ ಇಳಿಯಲು ಜಾಗ ಇಲ್ಲ. ಹದಿನೈದನೆಯದು 8. ಒಂದೂ ಕುರಿ ಸಾಯಲಿಲ್ಲ. ಹೊರಗಿನಿಂದ ಒಳಕ್ಕೆ ತುಂಬಿಸುತ್ತಾ ಬಂದರೆ, ಹುಲಿ ಅಡ್ಡ ಬರದಿದ್ದರೆ, ಹದಿನೈದನ್ನೂ ಇಷ್ಟು ನಿಶ್ಚಿಂತೆಯಾಗಿ ಇಡಬಹುದು.

ನಿಜವಾದ ಆಟಗಾರ ಹುಲಿ ಹಿಡಿದಿದ್ದರೆ ಇದಕ್ಕೆ ಬಿಡುತ್ತಿರಲಿಲ್ಲ. ಹೇಗೆ ತಡೆಯುತ್ತಿದ್ದ? ಒಂದು ಹುಲಿಯನ್ನು ಬೇಗ ಕೆಳಗಿಳಿಸಿ ಸಾಲಿನ ನಡುವೆ ಕೂರಿಸುತ್ತಿದ್ದ. ಆಗ ಹೊರಗಿನ ಬೇಲಿ ಪೂರ್ತಿಯಾಗುವುದಿಲ್ಲ, ಬೇಲಿಯಲ್ಲಿ ಒಂದು ಕಿಂಡಿ ಉಳಿಯುತ್ತದೆ. ಕಿಂಡಿಯ ಅಕ್ಕಪಕ್ಕದ ಕುರಿಗಳ ಬೆನ್ನು ಖಾಲಿ. ಕುರಿ ತಿನ್ನುವುದು ಇನ್ನೂ ದೂರ ಇದ್ದರೂ ಅದಕ್ಕೆ ಬೇಕಾದ ಜಾಗವನ್ನು ಈಗಲೇ ಉಳಿಸಿಕೊಳ್ಳುವುದು. ಈ ಬುದ್ಧಿಯನ್ನು ಅಂಕದಲ್ಲಿ ಬರೆಯಬೇಕು.

ನಾನು ವಿದ್ಯಾರ್ಥಿಗಳಿಗೆ ಶುರುವಿಗೆ ಹೇಳುವುದು ಹೀಗೆ. ತಿಂದ ಪ್ರತಿ ಕುರಿಗೆ 100. ಹುಲಿಗಳು ಈ ಕ್ಷಣ ಎಷ್ಟು ಕಡೆ ಹೋಗಬಹುದೋ ಎಣಿಸಿ, ಒಂದೊಂದಕ್ಕೂ 3. ಒಂದು ಹುಲಿ ಪೂರ್ತಿ ಕಟ್ಟಿಹೋಗಿದ್ದರೆ 60 ಕಳೆಯಿರಿ. ಈ ಸಂಖ್ಯೆಗಳಲ್ಲಿ ಯಾವ ಮಹಿಮೆಯೂ ಇಲ್ಲ. ಒಂದೇ ಪ್ರೋಗ್ರಾಮಿನ ಎರಡು ಪ್ರತಿಗೆ ಬೇರೆ ಬೇರೆ ಸಂಖ್ಯೆ ಕೊಟ್ಟು ರಾತ್ರಿಯಿಡೀ ಒಂದರ ವಿರುದ್ಧ ಒಂದನ್ನು ಆಡಿಸಿ, ಬೆಳಿಗ್ಗೆ ನೋಡಿ ತಿದ್ದಿ. ಆದರೆ ನಡುವಿನ ಆ 3 ಬಂದ ಕೂಡಲೇ ಕುಣಿತ ನಿಲ್ಲುತ್ತದೆ, ಯಾಕೆಂದರೆ 0, 3, 4ರಲ್ಲಿ ಕೂತ ಹುಲಿಗಳು ಒಂದರ ದಾರಿಗೆ ಒಂದು ಅಡ್ಡ ಇರುತ್ತವೆ, ಒಂದು 9ಕ್ಕೋ 10ಕ್ಕೋ ಇಳಿದರೆ ಒಟ್ಟು ದಾರಿ ಜಾಸ್ತಿಯಾಗುತ್ತದೆ. ಹುಲಿ ತಾನಾಗಿ ಕೆಳಗಿಳಿಯುತ್ತದೆ.

ಕೆಲವರು ಬೇರೆ ಉಪಾಯ ಮಾಡುತ್ತಾರೆ. ಅಂಕ ಸಮ ಬಂದಾಗ ಪಟ್ಟಿಯ ಮೊದಲನೆಯದರ ಬದಲು ಯಾವುದೋ ಒಂದನ್ನು ಲಾಟರಿ ಎತ್ತುತ್ತಾರೆ. ಕುಣಿತ ಕಣ್ಣಿಗೆ ಕಾಣುವುದಿಲ್ಲ, ನಿಜ. ಹುಲಿ ಅಲ್ಲಿ ಇಲ್ಲಿ ತಿರುಗುತ್ತದೆ. ಆದರೆ ಅದಕ್ಕೆ ಯಾವ ಗುರಿಯೂ ಇಲ್ಲ. ಇದು ಇನ್ನೂ ಕೆಟ್ಟದ್ದು ಅಂತ ನನ್ನ ಅಭಿಪ್ರಾಯ, ಯಾಕೆಂದರೆ ರೋಗ ಇದೆ, ಲಕ್ಷಣ ಮಾತ್ರ ಹೋಗಿದೆ.

ಹುಡುಗನ ಆಟ ಏನಾಯಿತು ಅಂತ ಹೇಳುತ್ತೇನೆ, ಅಲ್ಲಿ ಇನ್ನೊಂದು ಪಾಠ ಇದೆ. ಹದಿನೈದು ಕುರಿ ಇಟ್ಟಾಗ ಹುಲಿಗಳು 2, 3, 4ರಲ್ಲಿವೆ. ಖಾಲಿ ಇರುವ ಮನೆ 0, 5, 9, 10, 11. ಈಗ ಕುರಿಯ ಸರದಿ. ಕೋಟೆ ಭದ್ರವಾಗಿದೆ, ಅವನಿಗೆ ಏನೂ ಅಲ್ಲಾಡಿಸುವ ಮನಸ್ಸಿಲ್ಲ. ಆದರೆ ಸುಮ್ನೆ ಕೂರುವ ಹಾಗಿಲ್ಲ, ಒಂದು ನಡೆ ಮಾಡಲೇಬೇಕು. ಅವನಿಗಿರುವ ನಡೆ ಆರೇ ಆರು: 6ರಿಂದ 5, 8ರಿಂದ 9, 12ರಿಂದ 11, 15ರಿಂದ 9, 16ರಿಂದ 10, 17ರಿಂದ 11.

ಹುಡುಗ ಮೊದಲು 16ರ ಮೇಲೆ ಬೆರಳಿಟ್ಟ. ಅಲ್ಲಿಂದ 10ಕ್ಕೆ ಬಂದರೆ 4ರ ಹುಲಿಗೆ ಎದುರಾಗುತ್ತದೆ, ಬೆನ್ನಿಗಿದ್ದ 16 ಈಗ ತಾನೆ ಖಾಲಿಯಾಗಿದೆ. ಹುಲಿ ಒಂದೇ ನೆಗೆತ. 15ರಿಂದ 9ಕ್ಕೆ ಬಂದರೂ ಹಾಗೇ, 3ರ ಹುಲಿ ತಿನ್ನುತ್ತದೆ. 6ರಿಂದ 5ಕ್ಕೆ ಬಂದರೆ 4ರ ಹುಲಿ 6ಕ್ಕೆ ಹಾರುತ್ತದೆ. ಆರರಲ್ಲಿ ಮೂರು ಕೂಡಲೇ ಸಾವು. ಮುಂದೆ ಹೋಗುವ ಕುರಿ ತನ್ನ ಬೆನ್ನಿನ ಮನೆಯನ್ನು ತಾನೇ ಖಾಲಿ ಮಾಡುತ್ತದೆ, ಅದೇ ತೊಂದರೆ. ಅವನು ಬೆರಳು ತೆಗೆದು ಯೋಚನೆ ಮಾಡಿ 12ರಿಂದ 11ಕ್ಕೆ ಬಂದ. ಹುಲಿ 4ರಿಂದ 10ಕ್ಕೆ ಇಳಿದು, 11ನ್ನು ಹಾರಿ 12ಕ್ಕೆ ಹೋಗುತ್ತೇನೆ ಅಂತ ಹೆದರಿಸಿದ್ದರೂ ಅವನಿಗೆ ದಾರಿ ಇತ್ತು. 18ರ ಕುರಿಯನ್ನು 12ಕ್ಕೆ ತಂದು ಬಾಗಿಲು ಮುಚ್ಚಬಹುದಿತ್ತು. ಪಕ್ಕಕ್ಕೆ ಸರಿಯುವ ನಡೆ, ಹಿಂದಿನಿಂದ ಇನ್ನೊಂದನ್ನು ತುಂಬಿಸುವ ನಡೆ. ಅಜ್ಜ ಕಲಿಸಿದ್ದು.

ಕೆಲವು ಆ್ಯಪಿನಲ್ಲಿ ಈ ಹೊತ್ತಿಗೆ ಕುರಿಯವನಿಗೆ ಸರದಿ ಬಿಡುವ ಬಟನ್ ಕೊಟ್ಟಿರುತ್ತಾರೆ. ದಯವಿಟ್ಟು ಕೊಡಬೇಡಿ. ಕೊಟ್ಟರೆ ಕುರಿಯವನು ಬೇಲಿ ಕಟ್ಟಿ ಬಿಡು ಬಿಡು ಅಂತ ಒತ್ತುತ್ತಾ ಕೂರುತ್ತಾನೆ, ಆಟ ಅಲ್ಲೇ ಸತ್ತುಹೋಗುತ್ತದೆ.

ಇನ್ನು ಸುಲಭ, ಮಧ್ಯಮ, ಕಷ್ಟ ಅಂತ ಮಟ್ಟ ಮಾಡುವುದು. ಎಷ್ಟು ನಡೆ ಮುಂದೆ ನೋಡಬೇಕು ಅನ್ನುವುದರ ಮೇಲೆ ಇದನ್ನು ಮಾಡುವುದು ಒಳ್ಳೆಯದು. ಆದರೆ ಲೆಕ್ಕ ಬೇಗ ಬೆಳೆಯುತ್ತದೆ. ಶುರುವಿನಲ್ಲಿ ಕುರಿ ಇಡಲು 20 ಮನೆ ಖಾಲಿ, ಹುಲಿಗೆ ಸರಾಸರಿ ಎಂಟು ದಾರಿ ಅಂತ ಹಿಡಿಯಿರಿ. ನಾಲ್ಕು ನಡೆ ನೋಡಿದರೆ ಸುಮಾರು 24 ಸಾವಿರ ಸ್ಥಿತಿ. ಆರು ನಡೆ ನೋಡಿದರೆ 35 ಲಕ್ಷ. ಬೇಡದ ಕೊಂಬೆಗಳನ್ನು ಕತ್ತರಿಸುವ ಆಲ್ಫಾ-ಬೀಟಾ ಉಪಾಯ ಹಾಕಿದರೆ ಸಾಧಾರಣ ಫೋನಿನಲ್ಲೂ ಆರು ನಡೆ ಸಲೀಸು. ಅದಕ್ಕೆ ಇಂಟರ್ನೆಟ್ ಬೇಕಾಗಿಲ್ಲ. ಹೊಸನಗರದ ಒಳಗಿನ ಹಳ್ಳಿಗಳಲ್ಲಿ ಮಳೆ ಹಿಡಿದರೆ ಕರೆಂಟ್ ಹೋಗುತ್ತದೆ, ಹಿಂದೆಯೇ ಟವರ್ ಹೋಗುತ್ತದೆ. ಜನ ಆಟ ಆಡಲು ಕೂರುವುದೂ ಆಗಲೇ. ಸರ್ವರ್ ಕೇಳುವ ಹುಲಿ-ಕುರಿ ಆ್ಯಪ್ ಅಂಥ ದಿನ ತೆರೆಯುವುದೇ ಇಲ್ಲ. ಇಬ್ಬರು ಆಡುವುದಿದ್ದರೂ ಒಂದೇ ಫೋನನ್ನು ನಡುವೆ ಇಟ್ಟುಕೊಂಡು ಆಡಬಹುದು. ಈ ಆಟದಲ್ಲಿ ಎದುರಾಳಿಯಿಂದ ಮುಚ್ಚಿಡುವುದು ಏನೂ ಇಲ್ಲ.

ಮಟ್ಟ ಮಾಡುವಾಗ ಹುಲಿಯನ್ನೂ ಕುರಿಯನ್ನೂ ಬೇರೆ ಬೇರೆ ನೋಡಿ. ಎರಡು ನಡೆ ಮುಂದೆ ನೋಡುವ ಹುಲಿ ಹೊಸಬನಿಗೆ ಸಾಕಷ್ಟು ಭಯಂಕರ, ಯಾಕೆಂದರೆ ಹೊಸಬನ ತಪ್ಪುಗಳೆಲ್ಲ ಒಂದೇ ನಡೆಯಲ್ಲಿ ಸಿಕ್ಕಿಬೀಳುತ್ತವೆ. ಎರಡು ನಡೆ ನೋಡುವ ಕುರಿ ಮಾತ್ರ ಏನೂ ಅಲ್ಲ. ಹುಲಿ ಕಟ್ಟುವುದು ನಿಧಾನದ ಕೆಲಸ, ಅದು ಎರಡು ನಡೆಯಲ್ಲಿ ಕಾಣುವುದಿಲ್ಲ. ಹಾಗಾಗಿ "ಮಧ್ಯಮ" ಅಂದರೆ ಹುಲಿಗೆ ಎರಡು, ಕುರಿಗೆ ಆರು ಅಂತ ಇಟ್ಟರೂ ತಪ್ಪಿಲ್ಲ.

ಒಬ್ಬರು ಚೀಟಿ ಕಳಿಸಿದ್ದಾರೆ: ಇಬ್ಬರೂ ಒಂದು ತಪ್ಪೂ ಮಾಡದೆ ಆಡಿದರೆ ಯಾರು ಗೆಲ್ಲುತ್ತಾರೆ? ನೇಪಾಳದಲ್ಲಿ ಬಾಘ್-ಚಾಲ್ ಅಂತ ಇದರ ಸಂಬಂಧಿ ಆಟ ಇದೆ. ಚೌಕದ ಹಲಗೆ, 25 ಮನೆ, ನಾಲ್ಕು ಹುಲಿ, 20 ಕುರಿ, ಐದು ತಿಂದರೆ ಹುಲಿ ಗೆದ್ದಿತು. ಅದನ್ನು ಲಿಮ್ ಯೂ ಜಿನ್ ಮತ್ತು ಯುರ್ಗ್ ನೀವರ್‌ಗೆಲ್ಟ್ ಕಂಪ್ಯೂಟರಿನಲ್ಲಿ ಪೂರ್ತಿ ಬಿಡಿಸಿದ್ದಾರೆ, ಲೇಖನ 2009ರಲ್ಲಿ ಬಂತು. ಉತ್ತರ: ಇಬ್ಬರೂ ಸರಿಯಾಗಿ ಆಡಿದರೆ ಡ್ರಾ. ಹಾಗಂತ ನಮ್ಮದೂ ಡ್ರಾ ಅಂತ ಹೇಳಿಬಿಡಬೇಡಿ. ಹಲಗೆ ಬೇರೆ, ಗೆರೆ ಬೇರೆ, ಹುಲಿ ಒಂದು ಕಡಿಮೆ.

ನಮ್ಮ ಹಲಗೆಗೆ ನೀವೇ ಉತ್ತರ ಹುಡುಕಬಹುದು, ಅದು ಕೈಗೆಟುಕದ ಲೆಕ್ಕ ಅಲ್ಲ. ಕುರಿ ಇಟ್ಟು ಮುಗಿದ ಮೇಲಿನ ಹಂತವನ್ನು ಮಾತ್ರ ನೋಡಿ. ಮೂರು ಹುಲಿಗಳನ್ನು 23 ಮನೆಯಲ್ಲಿ 1771 ರೀತಿ ಕೂರಿಸಬಹುದು. ಉಳಿದ 20 ಮನೆಯಲ್ಲಿ 11ರಿಂದ 15 ಕುರಿ. ಗುಣಿಸಿದರೆ ಸುಮಾರು 75 ಕೋಟಿ ಸ್ಥಿತಿ. ಯಾರ ಸರದಿ ಅನ್ನುವುದಕ್ಕೆ ಎರಡರಿಂದ ಗುಣಿಸಬೇಕು. ಹಲಗೆಯ ಎಡ ಬಲ ಒಂದೇ ಥರ ಇರುವುದರಿಂದ ಮತ್ತೆ ಎರಡರಿಂದ ಭಾಗಿಸಬಹುದು. ಒಂದು ಸ್ಥಿತಿಗೆ ಗೆಲುವು, ಸೋಲು, ಡ್ರಾ ಅಂತ ಬರೆಯಲು ಎರಡು ಬಿಟ್ ಸಾಕು. ಒಟ್ಟು 190 ಎಂಬಿ ಆಸುಪಾಸು. ಯಾವ ಲ್ಯಾಪ್‌ಟಾಪಿನಲ್ಲೂ ಹಿಡಿಯುತ್ತದೆ. ಮುಗಿದ ಆಟಗಳಿಂದ ಶುರು ಮಾಡಿ ಹಿಂದಕ್ಕೆ ಲೆಕ್ಕ ಹಾಕುತ್ತಾ ಬರಬೇಕು. ಕುರಿ ಇಡುವ ಹಂತವನ್ನು ಆಮೇಲೆ ಅದರ ಮೇಲೆ ಕಟ್ಟಬೇಕು. ಕೊನೆಯ ವರ್ಷದ ಪ್ರಾಜೆಕ್ಟ್ ಹುಡುಕುತ್ತಿರುವವರು ಇದನ್ನು ತೆಗೆದುಕೊಳ್ಳಬಹುದು.

ಡ್ರಾ ಅಂದ ಕೂಡಲೇ ನಿಮ್ಮ ಆ್ಯಪಿಗೆ ಒಂದು ನಿಯಮ ಬೇಕಾಗುತ್ತದೆ. ಜಗಲಿಯಲ್ಲಿ ಇಬ್ಬರೂ ಅದೇ ನಡೆ ಅದೇ ನಡೆ ಮಾಡುತ್ತಿದ್ದರೆ ಪಕ್ಕದಲ್ಲಿ ಕೂತ ದೊಡ್ಡವರು "ಸಾಕು ಏಳ್ರೋ" ಅಂತಾರೆ, ಆಟ ಮುಗಿಯುತ್ತದೆ. ಫೋನಿನಲ್ಲಿ ಹಾಗೆ ಹೇಳುವವರಿಲ್ಲ. ಒಂದೇ ಸ್ಥಿತಿ ಮೂರು ಸಲ ಬಂದರೆ ಡ್ರಾ ಅಂತ ಇಡಿ. ಸ್ಥಿತಿ ಅಂದರೆ ಹಲಗೆ ಮಾತ್ರ ಅಲ್ಲ. ಯಾರ ಸರದಿ, ಕೈಯಲ್ಲಿ ಇನ್ನೂ ಎಷ್ಟು ಕುರಿ ಇದೆ ಅನ್ನುವುದನ್ನೂ ಸೇರಿಸಿ ಹೋಲಿಸಬೇಕು. ಸರದಿಯನ್ನು ಬಿಟ್ಟು ಬರೀ ಹಲಗೆ ಹೋಲಿಸಿದರೆ ಆಟ ಇನ್ನೂ ನಡೆಯುತ್ತಿರುವಾಗಲೇ ಫೋನ್ ಡ್ರಾ ಅಂದುಬಿಡುತ್ತದೆ, ಆಗ ಗೆಲ್ಲುತ್ತಿದ್ದವನು ನಿಮಗೆ ಒಂದು ಸ್ಟಾರ್ ಕೊಟ್ಟು ಹೋಗುತ್ತಾನೆ.